ಕಾಲರಾ: ಸೋರುವ ಕರುಳು, ಸೋರುವ ಪೈಪು

2024ರ ಏಪ್ರಿಲ್ ಮೊದಲ ವಾರ ಬೆಂಗಳೂರಿನ ಒಂದು ಹಾಸ್ಟೆಲ್‌ನಿಂದ ಐವತ್ತರ ಆಸುಪಾಸು ವಿದ್ಯಾರ್ಥಿನಿಯರು ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರಿದರು. ಅದೇ ಹೊತ್ತಿಗೆ ನಗರ ನೀರಿಲ್ಲದೆ ಒದ್ದಾಡುತ್ತಿತ್ತು. ಟ್ಯಾಂಕರ್ ನೀರಿನ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾದ ಸ್ಥಿತಿ. ಕೆಲವು ದಿನಗಳಲ್ಲಿ ಲ್ಯಾಬ್ ವರದಿ ಬಂತು. ಕಾಲರಾ ಖಚಿತವಾದದ್ದು ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ.

ಗೊಂದಲ ಶುರುವಾಗಿದ್ದು ಇಲ್ಲಿಂದ. ಐವತ್ತು ಜನ ಮಲಗಿದ್ದಾರೆ, ಕಾಲರಾ ಕೆಲವರಿಗೆ ಮಾತ್ರ ಅಂದರೆ ಏನರ್ಥ? ಕಾಲರಾ ಹರಡಿದೆಯಾ, ಇಲ್ಲವಾ? ಇಂಥ ಸುದ್ದಿ ಬಂದಾಗಲೆಲ್ಲ ಎರಡು ವಾದ ಏಳುತ್ತವೆ. ಖಚಿತವಾದ ಪ್ರಕರಣ ಕಡಿಮೆ, ಹಾಗಾಗಿ ಗಾಬರಿ ಬೇಡ ಅನ್ನುವುದು ಒಂದು. ಲೆಕ್ಕ ಮುಚ್ಚಿಡುತ್ತಿದ್ದಾರೆ ಅನ್ನುವುದು ಇನ್ನೊಂದು. ಎರಡೂ ಕಡೆಯವರು ಲ್ಯಾಬ್ ವರದಿಯ ಒಂದೇ ಅಂಕಿಯನ್ನು ಹಿಡಿದುಕೊಂಡು ಜಗ್ಗಾಡುತ್ತಾರೆ. ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ಮೊದಲು ನೋಡೋಣ.

ಪಾಸಿಟಿವ್ ಕಡಿಮೆ ಬರುವುದೇಕೆ

ಕಾಲರಾ ತರುವ ವಿಬ್ರಿಯೊ ಕಾಲರೆ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲಿ ಇರುವಷ್ಟು ಹೊತ್ತು ಗಟ್ಟಿಗ. ಹೊರಗೆ ಒಣಗಿದರೆ ಬೇಗ ಸಾಯುತ್ತದೆ. ಅದಕ್ಕೆ ಮಲದ ಸ್ವಾಬ್ ತೆಗೆದ ಕೂಡಲೇ ಕ್ಯಾರಿ-ಬ್ಲೇರ್ ಎಂಬ ಮಾಧ್ಯಮದಲ್ಲಿ ಅದ್ದಿ ಕಳಿಸಬೇಕು. ಸುಮ್ನೆ ಒಂದು ಡಬ್ಬಿಯಲ್ಲಿ ಹಾಕಿ ಸಂಜೆವರೆಗೆ ಮೇಜಿನ ಮೇಲೆ ಇಟ್ಟರೆ, ಲ್ಯಾಬ್ ತಲುಪುವ ಹೊತ್ತಿಗೆ ಅದರಲ್ಲಿ ಬೆಳೆಸಲು ಏನೂ ಉಳಿದಿರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಆಂಟಿಬಯಾಟಿಕ್. ಭೇದಿ ಶುರುವಾದ ತಕ್ಷಣ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗುವುದು ನಮ್ಮಲ್ಲಿ ಮಾಮೂಲು. ಆಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ರೋಗಿಗೆ ಕಾಲರಾ ಇದ್ದೂ ವರದಿ ನೆಗೆಟಿವ್.

ಇದರ ಉಲ್ಟಾ ಸಾಧ್ಯತೆಯೂ ಇದೆ. ಚರಂಡಿ ನೀರು ಬೆರೆತಿದ್ದರೆ ಅದರಲ್ಲಿ ಕಾಲರಾ ಒಂದೇ ಬರುವುದಿಲ್ಲ, ಭೇದಿ ತರುವ ಬೇರೆ ಬ್ಯಾಕ್ಟೀರಿಯಾ, ವೈರಸ್‌ಗಳೂ ಜೊತೆಗೆ ಬರುತ್ತವೆ. ಐವತ್ತು ಜನರಲ್ಲಿ ಕೆಲವರಿಗೆ ಕಾಲರಾ, ಉಳಿದವರಿಗೆ ಇನ್ನೇನೋ ಆಗಿರುವುದೂ ಸಾಧ್ಯ. ಹಾಗಾಗಿ ಆ ಸಣ್ಣ ಅಂಕಿಯಿಂದ ಉಳಿದವರಿಗೆ ಕಾಲರಾ ಇತ್ತು ಅಂತಲೂ ಹೇಳಲಾಗದು, ಇರಲಿಲ್ಲ ಅಂತಲೂ ಹೇಳಲಾಗದು.

ಆದರೆ ಅದು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಖಚಿತವಾದ ಒಂದೇ ಒಂದು ಪ್ರಕರಣವಿದ್ದು, ಸೋಂಕು ಅದೇ ಜಾಗದಲ್ಲಿ ತಗುಲಿದೆ ಎಂಬ ಪುರಾವೆ ಸಿಕ್ಕರೆ ಅದು ಕಾಲರಾ ಪಿಡುಗು. ಐವತ್ತು ಬೇಕಾಗಿಲ್ಲ. ಯಾಕೆಂದರೆ ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಇಲ್ಲವೇ ಸಾಧಾರಣ ಭೇದಿಯಾಗಿ ನಿಲ್ಲುತ್ತದೆ. ಅವರು ಆಸ್ಪತ್ರೆಗೂ ಬರುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ. ಆದರೆ ಅವರ ಮಲದಲ್ಲಿ 1ರಿಂದ 10 ದಿನಗಳವರೆಗೆ ಬ್ಯಾಕ್ಟೀರಿಯಾ ಹೊರಬೀಳುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಒಬ್ಬ ರೋಗಿ ಕಂಡರೆ ಹೊರಗೆ ಕಾಣದ ಹಲವರು ಇದ್ದಾರೆ ಅಂತಲೇ ಲೆಕ್ಕ.

ಕರುಳಿನ ನಲ್ಲಿ ತೆರೆದೇ ಉಳಿದರೆ

ಕಾಲರಾ ಬ್ಯಾಕ್ಟೀರಿಯಾ ಕರುಳನ್ನು ಕಚ್ಚುವುದಿಲ್ಲ, ಕೊರೆಯುವುದಿಲ್ಲ, ರಕ್ತಕ್ಕೆ ಇಳಿಯುವುದೂ ಇಲ್ಲ. ಅದಕ್ಕೇ ಸಾಮಾನ್ಯವಾಗಿ ಜ್ವರ ಇರುವುದಿಲ್ಲ, ಮಲದಲ್ಲಿ ರಕ್ತ ಇರುವುದಿಲ್ಲ, ಹೊಟ್ಟೆನೋವೂ ಅಷ್ಟಾಗಿ ಇರುವುದಿಲ್ಲ. ಅದು ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು ಒಂದು ವಿಷವನ್ನು ಬಿಡುತ್ತದೆ. ಎಲ್ಲ ಅನಾಹುತವೂ ಆ ವಿಷದ್ದು. 1884ರಲ್ಲಿ ಕೋಲ್ಕತ್ತಾದಲ್ಲಿ ರಾಬರ್ಟ್ ಕಾಖ್ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಆದರೆ ಕೆಲಸ ಮಾಡುವುದು ವಿಷ, ಅದು ಕೆಲಸ ಮಾಡುವ ಜಾಗ ಕರುಳು ಅನ್ನುವುದು ಪ್ರಯೋಗದಿಂದ ಸಾಬೀತಾಗಲು ಮತ್ತೆ 75 ವರ್ಷ ಬೇಕಾಯಿತು. ಅದನ್ನು 1959ರಲ್ಲಿ ಸಾಬೀತು ಮಾಡಿದವರೂ ಅದೇ ಊರಿನವರು, ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರ ಬಿಗಿದು ಕಟ್ಟಿ, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವನ್ನಷ್ಟೇ ಒಳಗೆ ಬಿಟ್ಟರು. ಕರುಳು ನೀರು ತುಂಬಿ ಊದಿಕೊಂಡಿತು.

ಒಳಗೆ ಆಗುವುದು ಹೀಗೆ. ನಮ್ಮ ಸಣ್ಣ ಕರುಳಿಗೆ ದಿನಕ್ಕೆ ಸುಮಾರು 8-9 ಲೀಟರ್ ದ್ರವ ಬರುತ್ತದೆ. ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ಅಷ್ಟು. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿಯನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟು. ನೀರು ತಾನಾಗಿ ಆ ಕಡೆ ಈ ಕಡೆ ಹರಿಯುವುದಿಲ್ಲ, ಉಪ್ಪು ಹೋದ ಕಡೆ ಅದರ ಹಿಂದೆ ಹೋಗುತ್ತದೆ. ಕರುಳಿನ ಕೋಶಗಳಲ್ಲಿ ಉಪ್ಪನ್ನು ಒಳಗೆಳೆಯುವ ಬಾಗಿಲೂ ಇದೆ, ಕ್ಲೋರೈಡನ್ನು ಹೊರಬಿಡುವ ನಲ್ಲಿಯೂ ಇದೆ. ಎರಡನ್ನೂ ಹತೋಟಿಯಲ್ಲಿಡಲು ಕೋಶದೊಳಗೆ ಒಂದು ಸ್ವಿಚ್ ಇದೆ.

ಕಾಲರಾ ವಿಷದ ಒಂದು ಭಾಗ ಕೋಶಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು ಭಾಗ ಒಳನುಗ್ಗಿ ಆ ಸ್ವಿಚ್ಚನ್ನು ಆನ್ ಆದ ಸ್ಥಿತಿಯಲ್ಲೇ ಸಿಕ್ಕಿಹಾಕಿಸುತ್ತದೆ. ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಕಣ ವಿಪರೀತ ಏರುತ್ತದೆ. ಕ್ಲೋರೈಡ್ ನಲ್ಲಿ ತೆರೆದೇ ಉಳಿಯುತ್ತದೆ, ಉಪ್ಪು ಒಳಗೆಳೆಯುವ ಮಾಮೂಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಪ್ಪು ಹೊರಗೆ, ಅದರ ಹಿಂದೆ ನೀರು ಹೊರಗೆ. ಸಣ್ಣ ಕರುಳಿನಿಂದ ಬರುವ ಈ ಪ್ರವಾಹವನ್ನು ಹೀರುವ ತಾಕತ್ತು ದೊಡ್ಡ ಕರುಳಿಗಿಲ್ಲ. ತೀವ್ರ ರೋಗಿಯಿಂದ ಗಂಟೆಗೆ ಒಂದು ಲೀಟರ್‌ವರೆಗೆ ಹೋಗುವುದುಂಟು. ಮಲದ ಬಣ್ಣ, ವಾಸನೆ ಎರಡೂ ಹೋಗಿ, ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ಸಣ್ಣ ಸಣ್ಣ ಚೂರು ತೇಲುವ ದ್ರವ ಬರುತ್ತದೆ.

ಹೀಗೆ ಹೋಗುತ್ತಿರುವುದು ಬರೀ ನೀರಲ್ಲ, ರಕ್ತದ ನೀರಿನ ಅಂಶ ಅದರ ಉಪ್ಪಿನ ಸಮೇತ ಹೋಗುತ್ತಿದೆ. ಜೊತೆಗೆ ಪೊಟ್ಯಾಸಿಯಂ, ಬೈಕಾರ್ಬೊನೇಟ್. ನೀರು ಹೋದದ್ದಕ್ಕೆ ನಾಡಿ ಇಳಿಯುತ್ತದೆ, ಮೂತ್ರ ನಿಲ್ಲುತ್ತದೆ. ಬೈಕಾರ್ಬೊನೇಟ್ ಹೋದದ್ದಕ್ಕೆ ರಕ್ತ ಹುಳಿಯಾಗಿ ರೋಗಿ ಆಳವಾಗಿ ಏದುಸಿರು ಬಿಡುತ್ತಾರೆ. ಪೊಟ್ಯಾಸಿಯಂ ಕಡಿಮೆಯಾಗಿ ಮೈ ಬಲ ಕಳೆದುಕೊಳ್ಳುತ್ತದೆ. ಮೀನಖಂಡದ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ಚಿಕಿತ್ಸೆ ಸಿಗದ ತೀವ್ರ ರೋಗಿಗಳಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ, ಕೆಲವರು ಕೆಲವೇ ಗಂಟೆಗಳಲ್ಲಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದೇ ಕಾಯಿಲೆಯಲ್ಲಿ ಈ ಎರಡು ಅಂಕಿಗಳ ನಡುವೆ ನಿಂತಿರುವುದು ಯಾವುದೋ ದುಬಾರಿ ಔಷಧವಲ್ಲ. ಹೋದ ನೀರು ವಾಪಸ್ ಎಷ್ಟು ಬೇಗ ಬಂತು ಅನ್ನುವುದು.

50 ಕೆಜಿ ತೂಕದ ಒಬ್ಬ ರೋಗಿಯ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 50 ಕೆಜಿ ತೂಕದ ಒಬ್ಬ ವಯಸ್ಕ. ಬೆಳಗಿನ ಜಾವ ಭೇದಿ ಶುರುವಾಗಿ, ಹತ್ತು ಗಂಟೆಗೆ ಆಸ್ಪತ್ರೆಗೆ ಹೊತ್ತು ತಂದಿದ್ದಾರೆ. ಕಣ್ಣು ಗುಳಿ ಬಿದ್ದಿದೆ. ದನಿ ಕೀರಲಾಗಿದೆ. ಬೆರಳ ತುದಿ ತುಂಬಾ ಹೊತ್ತು ಬಟ್ಟೆ ಒಗೆದವರ ಕೈಯಂತೆ ಸುಕ್ಕುಗಟ್ಟಿದೆ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡ್ ಕಳೆದರೂ ಮಡಿಕೆ ಹಾಗೇ ನಿಂತಿರುತ್ತದೆ. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿಲ್ಲ. ಕುಡಿಸಲು ಹೋದರೆ ಕುಡಿಯಲು ಆಗುತ್ತಿಲ್ಲ.

ಈ ಹಂತದಲ್ಲಿ ರಕ್ತ ಪರೀಕ್ಷೆಗೂ ಕಾಯುವುದಿಲ್ಲ, ಕಲ್ಚರ್ ವರದಿಗೂ ಕಾಯುವುದಿಲ್ಲ. ಇಷ್ಟು ಲಕ್ಷಣ ಕಂಡರೆ ದೇಹದ ತೂಕದ ಸುಮಾರು ಹತ್ತನೇ ಒಂದು ಭಾಗ ನೀರು ಹೋಗಿದೆ ಅಂತ ಹಿಡಿಯುತ್ತಾರೆ. ಅಂದರೆ 5 ಲೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದ ಪ್ರಕಾರ ಕೆಜಿಗೆ 100 ಮಿಲಿಲೀಟರ್‌ನಂತೆ, ಅಷ್ಟನ್ನೂ ಮೂರು ಗಂಟೆಯಲ್ಲಿ ರಕ್ತನಾಳಕ್ಕೆ ಕೊಡಬೇಕು. ಅದೂ ಸಮನಾಗಿ ಹಂಚಿ ಅಲ್ಲ. ಮೊದಲ ಅರ್ಧ ಗಂಟೆಯಲ್ಲೇ ಕೆಜಿಗೆ 30 ಮಿಲಿ, ಅಂದರೆ ಒಂದೂವರೆ ಲೀಟರ್. ಉಳಿದ ಮೂರೂವರೆ ಲೀಟರ್ ಮುಂದಿನ ಎರಡೂವರೆ ಗಂಟೆಯಲ್ಲಿ. ಒಂದು ವರ್ಷದೊಳಗಿನ ಮಗುವಾದರೆ ಇದೇ ಪ್ರಮಾಣವನ್ನು ನಿಧಾನವಾಗಿ, ಒಂದು ಗಂಟೆ ಮತ್ತು ಐದು ಗಂಟೆಯಲ್ಲಿ ಕೊಡುತ್ತಾರೆ.

ನಮ್ಮ ವಾರ್ಡಿನ ಭಾಷೆಗೆ ಇದನ್ನು ಇಳಿಸಿ ನೋಡಿ. ಅರ್ಧ ಲೀಟರಿನ ಬಾಟಲಿ ಹತ್ತು. ಮೊದಲ ಮೂರು ಬಾಟಲಿ ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು. "ಎರಡು ಬಾಟಲ್ ಗ್ಲೂಕೋಸ್ ಹಾಕ್ಸಿ, ಸುಸ್ತು ಹೋಗುತ್ತೆ" ಅನ್ನುವ ಲೆಕ್ಕಕ್ಕೂ ಇದಕ್ಕೂ ಎಷ್ಟು ದೂರ ಅಲ್ವಾ?

ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ಸೂಜಿ. ನಿಮಿಷಕ್ಕೆ 50 ಮಿಲಿ ಇಳಿಯಬೇಕು. ನೀಲಿ ಬಣ್ಣದ ತೆಳು ಕ್ಯಾನುಲಾದಲ್ಲಿ ಅಷ್ಟು ಹರಿಯುವುದೇ ಇಲ್ಲ. ಹಸಿರು ಅಥವಾ ಬೂದು ಬಣ್ಣದ ದಪ್ಪ ಕ್ಯಾನುಲಾ ಬೇಕು, ಎರಡೂ ಕೈಗೆ ಹಾಕಿದರೆ ಇನ್ನೂ ಒಳ್ಳೆಯದು. ನಾಳಗಳೆಲ್ಲ ಕುಸಿದುಹೋದ ಕೈಯಲ್ಲಿ ಅದನ್ನು ಹಾಕುವುದು ಸುಲಭವಲ್ಲ. ಹಾಗಾಗಿಯೇ ಬಂದ ತಕ್ಷಣ, ಸಿಕ್ಕ ಮೊದಲ ನಾಳಕ್ಕೆ ಹಾಕಿಬಿಡಬೇಕು.

ಎರಡನೆಯದು ಬಾಟಲಿಯೊಳಗಿನ ದ್ರವ. ನಮ್ಮ ಜನ ಡ್ರಿಪ್ಪಿಗೆಲ್ಲ ಗ್ಲೂಕೋಸ್ ಅನ್ನುತ್ತಾರೆ. ಬರೀ ಗ್ಲೂಕೋಸ್ ದ್ರಾವಣದಲ್ಲಿ ಉಪ್ಪು ಇರುವುದಿಲ್ಲ. ಅದರ ನೀರು ರಕ್ತನಾಳದಲ್ಲಿ ನಿಲ್ಲದೆ ಮೈಯೆಲ್ಲ ಹಂಚಿಹೋಗುತ್ತದೆ, ನಾಡಿ ಮೇಲೇಳುವುದಿಲ್ಲ. ಕಾಲರಾಗೆ ಬೇಕಾದದ್ದು ರಿಂಗರ್ ಲ್ಯಾಕ್ಟೇಟ್, ನರ್ಸ್‌ಗಳು ಆರ್‌ಎಲ್ ಅನ್ನುವ ದ್ರವ. ಅದರಲ್ಲಿ ಸೋಡಿಯಂ ಇದೆ, ಸ್ವಲ್ಪ ಪೊಟ್ಯಾಸಿಯಂ ಇದೆ. ಅದರ ಲ್ಯಾಕ್ಟೇಟ್ ಮೈಯೊಳಗೆ ಬೈಕಾರ್ಬೊನೇಟ್ ಆಗಿ ರಕ್ತದ ಹುಳಿ ಇಳಿಸುತ್ತದೆ. ಅದು ಸಿಗದಿದ್ದರೆ ನಾರ್ಮಲ್ ಸಲೈನ್ ಆದೀತು.

ಮೂರನೆಯದು ಬೇಗ ನಿಲ್ಲಿಸುವುದು. ಒಂದೂವರೆ ಲೀಟರ್ ಹೋಗುವ ಹೊತ್ತಿಗೆ ನಾಡಿ ಸಿಗುತ್ತದೆ, ರೋಗಿ ಕಣ್ಣು ಬಿಡುತ್ತಾರೆ, ಮಾತಾಡುತ್ತಾರೆ. ಎಲ್ಲರಿಗೂ ನಿರಾಳ. ಡ್ರಿಪ್ ನಿಧಾನವಾಗುತ್ತದೆ. ಆದರೆ ಕರುಳಿನ ನಲ್ಲಿ ಇನ್ನೂ ತೆರೆದೇ ಇದೆ. ಆ ಮೂರು ಗಂಟೆಯಲ್ಲಿ ಮತ್ತೆರಡು ಲೀಟರ್ ಹೊರಹೋಗಿದ್ದರೆ, 5 ಲೀಟರ್ ಕೊಟ್ಟ ಮೇಲೂ ಎರಡು ಲೀಟರ್ ಸಾಲ ಉಳಿದಿರುತ್ತದೆ. ಸಂಜೆ ಹೊತ್ತಿಗೆ ನಾಡಿ ಮತ್ತೆ ಬೀಳುತ್ತದೆ. ಇದನ್ನು ತಪ್ಪಿಸಲು ಕಾಲರಾ ವಾರ್ಡಿನಲ್ಲಿ ಒಂದು ಸರಳ ಉಪಾಯವಿದೆ. ಮಂಚದ ನಡುವೆ ತೂತು, ಕೆಳಗೆ ಅಳತೆ ಗೆರೆ ಇರುವ ಬಕೆಟ್. ಹೊರಗೆ ಹೋದದ್ದು ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ, ಅಷ್ಟನ್ನು ಮತ್ತೆ ಸೇರಿಸುತ್ತಾರೆ. ಮೂತ್ರ ಹೊರಡುವುದು ಒಳ್ಳೆಯ ಸೂಚನೆ. ಕಣ್ಣಿನ ಸುತ್ತ ಊತ, ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ ಜಾಸ್ತಿಯಾಗಿದೆ ಅಂತ ಅರ್ಥ. ಹೃದಯದ ತೊಂದರೆ ಇರುವ ವಯಸ್ಸಾದವರಲ್ಲಿ, ತೀರಾ ಅಪೌಷ್ಟಿಕ ಮಕ್ಕಳಲ್ಲಿ ಈ ವೇಗದ ಲೆಕ್ಕ ಹಾಗೇ ನಡೆಯುವುದಿಲ್ಲ. ಅಲ್ಲಿ ವೈದ್ಯರ ಕಣ್ಣು ಪಕ್ಕದಲ್ಲೇ ಇರಬೇಕು.

ಆಂಟಿಬಯಾಟಿಕ್‌ಗೂ ಇಲ್ಲಿ ಜಾಗ ಇದೆ, ಆದರೆ ಎರಡನೇ ಸಾಲಿನಲ್ಲಿ. ತೀವ್ರ ರೋಗಿಗೆ, ವಾಂತಿ ನಿಂತ ಮೇಲೆ, ವಯಸ್ಕರಿಗೆ ಡಾಕ್ಸಿಸೈಕ್ಲಿನ್ 300 ಮಿಲಿಗ್ರಾಂ ಒಂದೇ ಡೋಸ್. ಅದರಿಂದ ಭೇದಿಯ ಅವಧಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಈಗಾಗಲೇ ಹೋದ ಐದು ಲೀಟರನ್ನು ಯಾವ ಮಾತ್ರೆಯೂ ತಂದುಕೊಡುವುದಿಲ್ಲ.

ವಿಷ ಮುಟ್ಟದ ಬಾಗಿಲು

ಉಪ್ಪು ಒಳಗೆ ಹೋಗುವ ಮಾಮೂಲಿ ಬಾಗಿಲನ್ನು ವಿಷ ಮುಚ್ಚುತ್ತದೆ ಅಂದೆವಲ್ಲ. ಅದೇ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಅಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಮಾತ್ರ ಒಳಗೆ ಪ್ರವೇಶ. ಕಾಲರಾ ವಿಷ ಈ ಬಾಗಿಲನ್ನು ಮುಟ್ಟುವುದಿಲ್ಲ. ಬರೀ ನೀರು ಕುಡಿಸಿದರೆ ಕರುಳು ಹೀರುವುದಿಲ್ಲ, ಬರೀ ಉಪ್ಪು ನೀರು ಕೊಟ್ಟರೂ ಇಲ್ಲ. ಉಪ್ಪಿನ ಜೊತೆ ತಕ್ಕಷ್ಟು ಗ್ಲೂಕೋಸ್ ಇದ್ದರೆ ಎರಡೂ ಒಳಗೆ ಹೋಗುತ್ತವೆ, ಹಿಂದೆಯೇ ನೀರು. ಒಂದು ಕಡೆ ಸೋರುತ್ತಿದ್ದರೂ ಇನ್ನೊಂದು ಕಡೆಯಿಂದ ತುಂಬಿಸಬಹುದು. ಓಆರ್‌ಎಸ್ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

1971ರಲ್ಲಿ ಇದು ದೊಡ್ಡ ಪರೀಕ್ಷೆಗೆ ಬಿತ್ತು. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರಿಂದ ಪಶ್ಚಿಮ ಬಂಗಾಳದ ಗಡಿ ಊರು ಬನಗಾಂವ್ ತುಂಬಿಹೋಗಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆ ಇದ್ದದ್ದು ಎರಡು ಕೋಣೆ, 16 ಹಾಸಿಗೆ. ಉಳಿದವರು ನೆಲದ ಮೇಲೆ, ಮಲ-ವಾಂತಿಯ ನಡುವೆ. ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಿತ್ತು. ಕೋಲ್ಕತ್ತಾದಿಂದ ಹೋಗಿದ್ದ ವೈದ್ಯ ದಿಲೀಪ್ ಮಹಲನಾಬಿಸ್ ಇದ್ದ ಡ್ರಿಪ್ಪನ್ನು ತೀರಾ ಕುಸಿದವರಿಗೆ ಮೀಸಲಿಟ್ಟು, ಉಳಿದವರಿಗೆಲ್ಲ ಕುಡಿಸಲು ನಿರ್ಧರಿಸಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಇಸ್ತ್ರಿ ಪೆಟ್ಟಿಗೆಯ ಬಿಸಿಯಿಂದ ಬಾಯಿ ಅಂಟಿಸಿ ಕಳಿಸಿದರು. ಶಿಬಿರದಲ್ಲಿ ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಟ್ಟರು. ಅದನ್ನು ಕುಡಿಸಿದವರು ರೋಗಿಗಳ ಮನೆಯವರೇ.

ವೈದ್ಯಲೋಕ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಓದುಬರಹ ಬಾರದವರ ಕೈಗೆ ಚಿಕಿತ್ಸೆ ಕೊಡುವುದಾ ಅನ್ನುವ ಅನುಮಾನ. ಅಂಕಿ ಬೇರೆ ಮಾತು ಹೇಳಿತು. ಮೊದಲು ಸುಮಾರು 30ರಷ್ಟಿದ್ದ ಶೇಕಡಾವಾರು ಸಾವು, ಚಿಕಿತ್ಸೆ ಪಡೆದ 3,700ಕ್ಕೂ ಹೆಚ್ಚು ಜನರಲ್ಲಿ 3.6ಕ್ಕೆ ಇಳಿಯಿತು.

ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ, ಕುಡಿಸಿದರೂ ಭೇದಿ ನಿಲ್ಲುತ್ತಿಲ್ಲ ಅಂತ ಅರ್ಧಕ್ಕೇ ಬಿಡುತ್ತಾರೆ. ನಲ್ಲಿ ತಾನಾಗಿ ಮುಚ್ಚಿಕೊಳ್ಳಲು ದಿನಗಳು ಬೇಕು. ಅಲ್ಲಿಯವರೆಗೆ ಮಟ್ಟ ಇಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಕುಡಿದದ್ದು ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಮತ್ತೆ ಶುರುಮಾಡಬೇಕು.

ಅಳತೆ ತಪ್ಪಿದರೂ ಕೆಡುತ್ತದೆ. ಈಗಿನ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಬಾಟಲಿಯ ತಂಪು ಪಾನೀಯಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು ಇರುತ್ತದೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಕರುಳಿನಲ್ಲಿ ಸಕ್ಕರೆ ಜಾಸ್ತಿಯಾದರೆ ಅದೇ ಮೈಯ ನೀರನ್ನು ಕರುಳಿಗೆ ಎಳೆಯುತ್ತದೆ. ಅಂಥ ಸಿಹಿ ಪಾನೀಯಗಳೇ ಓಆರ್‌ಎಸ್ ಹೆಸರಿನ ಪ್ಯಾಕೆಟ್ಟಿನಲ್ಲಿ ಮೆಡಿಕಲ್ ಶಾಪುಗಳಲ್ಲಿ ಬಹಳ ಕಾಲ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೆ ತಡೆ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯದ ಮೇಲೆ ಆ ಹೆಸರು ಇರಬಾರದು ಎಂದಿತು. ಅಂದಹಾಗೆ, ನಮ್ಮ ಉಪ್ಪು ಹಾಕಿದ ಗಂಜಿಯ ಹಿಂದೆಯೂ ಇದೇ ತರ್ಕ ಇದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನೂ ಇಳಿಸುತ್ತದೆ. ಆದರೆ ಮನೆಯ ಗಂಜಿಯಲ್ಲಿ ಪೊಟ್ಯಾಸಿಯಂ, ಸಿಟ್ರೇಟ್ ಅಳತೆಯಲ್ಲಿ ಇರುವುದಿಲ್ಲ. ಪ್ಯಾಕೆಟ್ ಕೈಗೆ ಸಿಗುವವರೆಗೆ ಅದು ಆಸರೆ, ಪ್ಯಾಕೆಟ್ಟಿಗೆ ಬದಲಿ ಅಲ್ಲ.

ಬಿಳಿ ಪುಡಿ ಬೀಳಬೇಕಾದ ಜಾಗ

ಇಲ್ಲಿಯವರೆಗಿನದು ಒಬ್ಬ ರೋಗಿಯ ಮಾತು. ರೋಗಿಯನ್ನು ಉಳಿಸಲು ಬ್ಯಾಕ್ಟೀರಿಯಾವನ್ನು ಕೊಲ್ಲಲೇಬೇಕು ಅಂತಿಲ್ಲ. ಊರಲ್ಲಿ ಕಾಲರಾ ನಿಲ್ಲಬೇಕಾದರೆ ಮಾತ್ರ ಅದನ್ನು ಬಾಯಿಗೆ ತಲುಪುವ ಮುಂಚೆ ತಡೆಯಲೇಬೇಕು. ಆಸ್ಪತ್ರೆ ಎಷ್ಟು ಚೆನ್ನಾಗಿ ನಡೆದರೂ ಸಾವು ಇಳಿಯುತ್ತದೆ, ಪ್ರಕರಣ ಇಳಿಯುವುದಿಲ್ಲ.

ಕಾಲರಾ ಸುದ್ದಿ ಬಂದ ಮರುದಿನ ಓಣಿಯ ಚರಂಡಿ ಪಕ್ಕ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಕಾಣಿಸುತ್ತದೆ. ಫೋಟೊಗೆ ಚೆನ್ನಾಗಿರುತ್ತದೆ. ಚರಂಡಿಯ ಕೊಳೆ ಆ ಕ್ಲೋರಿನ್ನನ್ನು ನಿಮಿಷಗಳಲ್ಲಿ ನುಂಗಿಹಾಕುತ್ತದೆ. ಅದೇ ಪುಡಿ ಕುಡಿಯುವ ನೀರಿಗೆ ಅಳತೆಯಲ್ಲಿ ಬಿದ್ದಿದ್ದರೆ ಊರು ಉಳಿಯುತ್ತಿತ್ತು.

ನೀರು ಕೆಡುವುದು ಹೇಗೆ? ಬಹಳ ಸಲ ಶುದ್ಧೀಕರಣ ಘಟಕದಿಂದ ಹೊರಡುವ ನೀರು ಸರಿಯಾಗಿಯೇ ಇರುತ್ತದೆ. ದಾರಿಯಲ್ಲಿ ಕೆಡುತ್ತದೆ. ಎರಡು-ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳು ನಮ್ಮಲ್ಲಿ ಕಡಿಮೆಯಿಲ್ಲ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ಕಡೆ ಇಳಿದುಹೋಗುತ್ತದೆ. ಖಾಲಿಯಾದ ಪೈಪು ಗಾಳಿ ಎಳೆಯಲು ಶುರುಮಾಡುತ್ತದೆ. ಎಲ್ಲೋ ಒಂದು ಬಿರುಕು ಇದ್ದು, ಅದರ ಪಕ್ಕ ಚರಂಡಿ ಅಥವಾ ಯುಜಿಡಿ ಪೈಪು ಸೋರುತ್ತಿದ್ದರೆ, ಆ ಕೊಳಚೆ ಒಳಗೆ ಹೋಗುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವ ಮನೆಗಳಿದ್ದರೆ ಈ ಹೀರುವಿಕೆ ಇನ್ನೂ ಜೋರು. ಕಾಯಿಲೆ ಬಿದ್ದ ಕರುಳು ಒಳಗಿನದ್ದನ್ನು ಹೊರಗೆ ಸೋರುತ್ತದೆ, ಖಾಲಿ ಪೈಪು ಹೊರಗಿನದ್ದನ್ನು ಒಳಗೆ ಸೋರಿಸಿಕೊಳ್ಳುತ್ತದೆ. ಕಾಲರಾ ಸುತ್ತುವುದು ಈ ಎರಡು ಸೋರಿಕೆಯ ನಡುವೆ.

ಇದಕ್ಕೆ ಪುರಾವೆ ಕರ್ನಾಟಕದಲ್ಲೇ ಇದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಕೊಟ್ಟಾಗ ಸಂಶೋಧಕರು ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಹೋಲಿಸಿ ನೋಡಿದರು. ಮಲದ ಕಲಬೆರಕೆಗೆ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ, ನಿರಂತರ ನೀರು ಇದ್ದಲ್ಲಿ ನೂರರಲ್ಲಿ ಒಂದು ಮಾದರಿಯಲ್ಲೂ ಸಿಗದಷ್ಟು ಅಪರೂಪ. ಬಿಟ್ಟು ಬಿಟ್ಟು ಬರುವಲ್ಲಿ ನೂರಕ್ಕೆ ಸುಮಾರು 32 ಮಾದರಿಗಳಲ್ಲಿ ಇತ್ತು. ನೀರು ಬಿಟ್ಟಾಗ ಮೊದಲು ಬರುವುದನ್ನು ಹಿಡಿಯಬೇಡಿ ಅನ್ನುವ ಹಿರಿಯರ ಮಾತಿನಲ್ಲಿ ಹುರುಳಿದೆ.

ಪಿಡುಗಿನ ಹೊತ್ತಿನಲ್ಲಿ ಪೈಪನ್ನೆಲ್ಲ ಬದಲಿಸಲು ಆಗುವುದಿಲ್ಲ. ಆಗ ಕೈಯಲ್ಲಿರುವ ಉಪಕರಣ ಉಳಿಕೆ ಕ್ಲೋರಿನ್. ನೀರಿಗೆ ಹಾಕಿದ ಕ್ಲೋರಿನ್‌ನಲ್ಲಿ ಒಂದಷ್ಟು ಕೊಳೆಯನ್ನು ಸುಡಲು ಖರ್ಚಾಗುತ್ತದೆ, ಅರ್ಧ ಗಂಟೆ ಬಿಟ್ಟು ಉಳಿದದ್ದು ಕಾವಲು ಕಾಯುತ್ತದೆ. ಪಿಡುಗಿದ್ದಾಗ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು, ತುಂಬಿದ ಟ್ಯಾಂಕರಿನಲ್ಲಿ 2. ಕೆಲವು ಹನಿ ರಾಸಾಯನಿಕ ಹಾಕಿ ಬಣ್ಣ ಹೋಲಿಸುವ ಕ್ಲೋರೋಸ್ಕೋಪ್ ಇದಕ್ಕೆ ಸಾಕು, ನೀರುಗಂಟಿಯೇ ಮಾಡಬಹುದು.

ಇಲ್ಲೊಂದು ಪತ್ತೇದಾರಿ ಕೆಲಸವೂ ಇದೆ. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ 0.8, ಮೊದಲ ಓಣಿಯಲ್ಲಿ 0.6, ಎರಡನೇ ಓಣಿಯಲ್ಲಿ 0.5 ಇದ್ದು, ಮೂರನೇ ಓಣಿಯಲ್ಲಿ ಇದ್ದಕ್ಕಿದ್ದಂತೆ ಸೊನ್ನೆ ಅಂದುಕೊಳ್ಳಿ. ಎರಡು ಮತ್ತು ಮೂರರ ನಡುವೆ ಏನೋ ಒಳಗೆ ಬರುತ್ತಿದೆ, ಅದು ಕ್ಲೋರಿನ್ ತಿನ್ನುತ್ತಿದೆ. ಅಲ್ಲಿ ಅಗೆಯಬೇಕು. ಆ ಓಣಿಯ ಲೈನ್ ಬಂದ್ ಮಾಡಿ, ಟ್ಯಾಂಕರ್ ಕಳಿಸಬೇಕು. ಟ್ಯಾಂಕಿನ ಬುಡದಲ್ಲಿ ಮಾತ್ರ ಅಳೆದು ಎಲ್ಲ ಸರಿಯಿದೆ ಅಂತ ಬರೆದರೆ ಇದು ಕಾಣುವುದೇ ಇಲ್ಲ.

ಟ್ಯಾಂಕರಿಗೂ ಲೆಕ್ಕ ಇದೆ. 6,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 12 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲದಲ್ಲಿ, ಬೇಸಿಗೆಯ ಬಿಸಿಯಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ನಾಲ್ಕನೇ ಒಂದು ಭಾಗ ಉಳಿದಿದೆ ಅಂದುಕೊಂಡರೆ 48 ಗ್ರಾಂ ಪುಡಿ. ಅದನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಟ್ಯಾಂಕರಿಗೆ ಹಾಕಬೇಕು. ಇದು ತಿಳಿ ನೀರಿನ ಲೆಕ್ಕ. ಕೆರೆ ನೀರು, ಕಲಕಿದ ಬೋರ್ ನೀರು ಆದರೆ ಜಾಸ್ತಿ ಬೇಕು. ಅದಕ್ಕೇ ಪುಡಿಯ ತೂಕವನ್ನು ನಂಬದೆ ಅರ್ಧ ಗಂಟೆ ಬಿಟ್ಟು ಅಳೆಯಬೇಕು. ಹಾಸ್ಟೆಲ್, ಪಿ.ಜಿ., ಕಲ್ಯಾಣ ಮಂಟಪದ ಸಂಪುಗಳಲ್ಲಿ ಈ ಅಳತೆ ಅಪರೂಪಕ್ಕೂ ನಡೆಯುವುದಿಲ್ಲ ಅನ್ನುವುದು ಚಿಂತೆಯ ಮಾತು.

ಮನೆಯೊಳಗೆ, ಮೊದಲ ಒಂದು ವಾರ

ನೀರೊಂದೇ ದಾರಿಯಲ್ಲ. ಢಾಕಾದ ಅಧ್ಯಯನಗಳು ತೋರಿಸಿದ ಹಾಗೆ, ರೋಗಿಯ ಮನೆಯವರಿಗೆ ಮೊದಲ ಒಂದು ವಾರ ಅಪಾಯ ಬೇರೆಯವರಿಗಿಂತ ಬಹಳ ಜಾಸ್ತಿ. ಬಟ್ಟೆ ಒಗೆದ ಕೈಯಲ್ಲೇ ಅಡುಗೆ, ಒಂದೇ ಕೊಡಕ್ಕೆ ಎಲ್ಲರೂ ಅದ್ದುವ ಲೋಟ. ಆ ವಾರ ಸೋಪಿನಲ್ಲಿ ಕೈ ತೊಳೆಯುವುದು, ಕುಡಿಯುವ ನೀರಿಗೆ ಕ್ಲೋರಿನ್ ಅಥವಾ ಕುದಿಸುವುದು, ಇಷ್ಟನ್ನು ಬಿಡದೆ ಮಾಡಿಸಿದರೆ ಮನೆಯೊಳಗಿನ ಹರಡುವಿಕೆ ಇಳಿಯುತ್ತದೆ. ಆಶಾ ಕಾರ್ಯಕರ್ತೆ ಇಡೀ ವಾರ್ಡಿಗೆ ಕರಪತ್ರ ಹಂಚುವುದಕ್ಕಿಂತ, ಒಬ್ಬ ರೋಗಿ ಸಿಕ್ಕ ದಿನವೇ ಆ ಮನೆ ಮತ್ತು ಸುತ್ತಲಿನ ಹತ್ತಿಪ್ಪತ್ತು ಮನೆಗೆ ಸೋಪು, ಕ್ಲೋರಿನ್, ಓಆರ್‌ಎಸ್ ಹಿಡಿದು ಹೋಗುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಲ್ಲರಿಗೂ ಮುಂಚೆಯೇ ಮಾತ್ರೆ ಹಂಚಿಬಿಡಿ ಅನ್ನುವ ಒತ್ತಾಯವೂ ಬರುತ್ತದೆ. 1977ರಲ್ಲಿ ಟಾಂಜಾನಿಯಾದಲ್ಲಿ ಟೆಟ್ರಾಸೈಕ್ಲಿನ್ ಹಾಗೆ ಹಂಚಿದ್ದರು. ಕೆಲವೇ ತಿಂಗಳಲ್ಲಿ ಅಲ್ಲಿನ ಕಾಲರಾ ಬ್ಯಾಕ್ಟೀರಿಯಾದ ಬಹುಪಾಲು ಆ ಔಷಧಕ್ಕೆ ಬಗ್ಗದಂತಾಯಿತು.

ಲಸಿಕೆ ಮೊದಲೋ, ಪೈಪು ಮೊದಲೋ

ಬಾಯಿಗೆ ಹಾಕುವ ಕಾಲರಾ ಲಸಿಕೆ ಇದೆ. ಮಾಮೂಲಿ ಕ್ರಮ ಎರಡು ಡೋಸ್. ಲಸಿಕೆ ಬೇಕು ಅನ್ನುವವರ ವಾದ ಸರಳ: ಪೈಪು ಬದಲಿಸಲು ವರ್ಷಗಳು ಬೇಕು, ಲಸಿಕೆ ವಾರದಲ್ಲಿ ಹಾಕಬಹುದು. ಬೇಡ ಅನ್ನುವವರು ಹೇಳುವುದು, ರಕ್ಷಣೆ ಶುರುವಾಗಲು ದಿನ ಹಿಡಿಯುತ್ತದೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಪರಿಣಾಮ ಕಡಿಮೆ, ಕೆಲವು ವರ್ಷದಲ್ಲಿ ಅದು ಕರಗುತ್ತದೆ, ಅಷ್ಟರಲ್ಲಿ ಪೈಪಿನ ಮಾತು ಮರೆತುಹೋಗಿರುತ್ತದೆ.

ವಾದ ಒಂದು ಕಡೆ ಇರಲಿ, ಲಸಿಕೆ ಇದ್ದರಲ್ಲವೇ ಹಾಕುವುದು? ಹಲವು ದೇಶಗಳಲ್ಲಿ ಒಟ್ಟಿಗೇ ಕಾಲರಾ ಎದ್ದಿದ್ದರಿಂದ 2022ರ ಅಕ್ಟೋಬರ್‌ನಲ್ಲಿ ಜಾಗತಿಕ ದಾಸ್ತಾನು ಸಾಲದೆ, ಪಿಡುಗಿನ ಹೊತ್ತಿನಲ್ಲಿ ಎರಡರ ಬದಲು ಒಂದೇ ಡೋಸ್ ಅಂತ ನಿರ್ಧಾರವಾಯಿತು. ಅದರ ಮೇಲೆ, ಹೈದರಾಬಾದಿನಲ್ಲಿ ತಯಾರಾಗುತ್ತಿದ್ದ ಒಂದು ಲಸಿಕೆಯ ಪೂರೈಕೆಯನ್ನು ಕಂಪನಿ 2023ರ ಕೊನೆಗೆ ನಿಲ್ಲಿಸಿತು. 2024ರ ಆಗಸ್ಟ್‌ನಲ್ಲಿ ಭಾರತ್ ಬಯೋಟೆಕ್ ಹಿಲ್‌ಕಾಲ್ ಎಂಬ ಹೊಸ ಲಸಿಕೆ ತಂದಿದೆ. ಒಂದು ಡೋಸ್ ಕೆಲವು ತಿಂಗಳ ಆಸರೆ ಕೊಡುತ್ತದೆ. ಶಿಬಿರ, ಕೊಳೆಗೇರಿಯಂಥ ಕಡೆ ಆ ಕೆಲವು ತಿಂಗಳೇ ದೊಡ್ಡದು. ಸೋರುವ ಲೈನ್ ಎಲ್ಲಿದೆ ಅಂತ ಗೊತ್ತಿರುವ ಒಂದು ಹಾಸ್ಟೆಲ್ ಅಥವಾ ಒಂದು ಬಡಾವಣೆಯಲ್ಲಿ ಲಸಿಕೆಗೆ ಕಾಯುವುದು ಬೇಡ. ಗುದ್ದಲಿ, ಕ್ಲೋರೋಸ್ಕೋಪ್ ಬೇಗ ತಲುಪುತ್ತವೆ.

ಮುಗಿಯಿತು ಅನ್ನುವುದು ಯಾವಾಗ

ಬಂದ ಅನುಮಾನದ ಪ್ರಕರಣಗಳನ್ನೆಲ್ಲ ಪರೀಕ್ಷಿಸಿ, ಸತತ ನಾಲ್ಕು ವಾರ ಒಂದೂ ಪಾಸಿಟಿವ್ ಬರದಿದ್ದರೆ ಪಿಡುಗು ಮುಗಿಯಿತು ಅನ್ನಬಹುದು. ಈ ಮಾತಿನಲ್ಲಿ ಭಾರ ಇರುವುದು "ಪರೀಕ್ಷಿಸಿ" ಅನ್ನುವಲ್ಲಿ. ಶುರುವಿನ ವಾರ ಐವತ್ತು ಸ್ವಾಬ್ ಹೋಗಿ, ಸುದ್ದಿ ತಣ್ಣಗಾದ ಮೇಲೆ ಎರಡೋ ಮೂರೋ ಹೋದರೆ, ಅವು ಕೂಡ ಮಾತ್ರೆ ನುಂಗಿದ ಮೇಲೆ ತೆಗೆದವಾದರೆ, ನಾಲ್ಕು ವಾರ ಸೊನ್ನೆ ಬರುವುದು ಕಷ್ಟವೇನಲ್ಲ. ಹಾಗಾಗಿ ಮುಂದಿನ ಸಲ "ಹೊಸ ಪ್ರಕರಣ ಇಲ್ಲ" ಅನ್ನುವ ಸುದ್ದಿ ಬಂದಾಗ ಅದರ ಪಕ್ಕದಲ್ಲಿ ಇನ್ನೆರಡು ಅಂಕಿ ಹುಡುಕಬೇಕು: ಆ ವಾರ ಎಷ್ಟು ಮಾದರಿ ಪರೀಕ್ಷೆ ಆಯಿತು, ಮತ್ತು ಲೈನಿನ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿತ್ತು.